ಐದು ತಿಂಗಳಲ್ಲಿ ಎಂಟು ಕಿಲೋ: ಶುಗರ್ ಒಂದೇ ಕಾರಣವಾ?

ಪ್ರಶ್ನೆ: ನಮ್ಮ ಯಜಮಾನರಿಗೆ 52 ವರ್ಷ. ಆರು ವರ್ಷದಿಂದ ಶುಗರ್ ಇದೆ, ಮಾತ್ರೆ ತಪ್ಪಿಸಲ್ಲ. ಐದು ತಿಂಗಳಲ್ಲಿ 74 ಕೆಜಿಯಿಂದ 66 ಕೆಜಿಗೆ ಇಳಿದಿದ್ದಾರೆ. ಡಯೆಟ್ ಏನೂ ಮಾಡಿಲ್ಲ, ಊಟ ಮಾತ್ರ ಸ್ವಲ್ಪ ಕಮ್ಮಿಯಾಗಿದೆ. ಮೂರು ತಿಂಗಳ ಸರಾಸರಿ ಶುಗರ್ ಈಗ 7.8, ಮೊದಲು 7.1 ಇತ್ತು. ಕೆಮ್ಮು ಅಪರೂಪಕ್ಕೊಮ್ಮೆ. "ಶುಗರ್ ಇರೋರು ಸೊರಗೋದು ಮಾಮೂಲಿ" ಅಂತ ಎಲ್ಲರೂ ಹೇಳ್ತಾರೆ. ನನಗೆ ಕ್ಯಾನ್ಸರ್ ಭಯ. ಫುಲ್ ಬಾಡಿ ಚೆಕಪ್ ಮಾಡಿಸಿದರೆ ಸಾಕಾ?
(ಓದುಗರೊಬ್ಬರು, ಹಾಸನ)

ಉತ್ತರ: ಮೊದಲು ಒಂದು ಮಾತು ಹೇಳಿಬಿಡುತ್ತೇನೆ ಅಮ್ಮಾ. ಈ ತೂಕ ಇಳಿತವನ್ನು ಶುಗರ್ ತಲೆಗೆ ಕಟ್ಟಿ ಸುಮ್ನೆ ಕೂರಬೇಡಿ. ಇದೇ ವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಪ್ರಯತ್ನ ಪಡದೆ ಆರು ತಿಂಗಳಿಂದ ಒಂದು ವರ್ಷದೊಳಗೆ ಮೈತೂಕದ ನೂರಕ್ಕೆ ಐದು ಭಾಗ ಇಳಿದರೆ ನಾವು ಕಾರಣ ಹುಡುಕಲೇಬೇಕು. 74 ಕೆಜಿಗೆ ಅದು ಮೂರು ಮುಕ್ಕಾಲು ಕೆಜಿ ಆಗುತ್ತದೆ. ನಿಮ್ಮ ಯಜಮಾನರು ಅದರ ಎರಡರಷ್ಟಕ್ಕಿಂತ ಜಾಸ್ತಿ ಇಳಿದಿದ್ದಾರೆ, ಅದೂ ಐದೇ ತಿಂಗಳಲ್ಲಿ.

ಶುಗರ್‌ನಿಂದ ಜನ ಸೊರಗುವುದು ಸುಳ್ಳಲ್ಲ. ಆದರೆ ಅದು ಹೇಗೆ ಆಗುತ್ತದೆ ಅಂತ ಗೊತ್ತಿದ್ದರೆ, ನಿಮ್ಮ ಮನೆಯ ಲೆಕ್ಕ ಅದಕ್ಕೆ ಹೊಂದುತ್ತದೋ ಇಲ್ಲವೋ ಅಂತ ನೀವೇ ನೋಡಬಹುದು. ರಕ್ತದ ಸಕ್ಕರೆ ಸುಮಾರು 180 ದಾಟಿದ ಮೇಲೆ ಕಿಡ್ನಿಗೆ ಅದನ್ನು ಪೂರ್ತಿ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ತಿಂದದ್ದು ಹೀಗೆ ಸೋರಿ ಹೋದಾಗ ಮೈ ತನ್ನ ಕೊಬ್ಬನ್ನೂ ಸ್ನಾಯುವನ್ನೂ ಕರಗಿಸಿಕೊಳ್ಳುತ್ತದೆ. ಒಂದು ಕೆಜಿ ಕೊಬ್ಬು ಅಂದರೆ ಸರಿಸುಮಾರು 7,700 ಕ್ಯಾಲರಿ. ಎಂಟು ಕೆಜಿಯನ್ನು ಐದು ತಿಂಗಳಿಗೆ ಹಂಚಿದರೆ ದಿನಕ್ಕೆ 400 ಕ್ಯಾಲರಿ ಖೋತಾ ಬೀಳುತ್ತದೆ. ಅಷ್ಟೂ ಮೂತ್ರದಲ್ಲೇ ಹೋಗಬೇಕೆಂದರೆ ದಿನಾ 100 ಗ್ರಾಂ ಸಕ್ಕರೆ ಸೋರಬೇಕು, ಅಂದರೆ ಇಪ್ಪತ್ತು ಟೀ ಚಮಚ. ಸ್ನಾಯುವೂ ಕರಗುವುದರಿಂದ ಈ ಲೆಕ್ಕ ಕರಾರುವಾಕ್ಕಲ್ಲ, ಒಂದು ಅಂದಾಜಿಗೆ ಸಾಕು. ಅಷ್ಟು ಸಕ್ಕರೆ ಹೋಗುವವರು ರಾತ್ರಿ ನಾಲ್ಕೈದು ಸಲ ಎದ್ದು ಬಚ್ಚಲಿಗೆ ಹೋಗುತ್ತಾರೆ. ಬಾಯಿ ಒಣಗಿ ಚೆಂಬುಗಟ್ಟಲೆ ನೀರು ಕುಡಿಯುತ್ತಾರೆ. ಹಸಿವು ಹೆಚ್ಚುತ್ತದೆ, ಕಮ್ಮಿಯಾಗುವುದಿಲ್ಲ. ಅವರ ಮೂರು ತಿಂಗಳ ಸರಾಸರಿ 10, 11, 12 ಹೀಗೆ ಇರುತ್ತದೆ.

ನಿಮ್ಮವರದು 7.8. ಅಂದರೆ ಸರಾಸರಿ ಸಕ್ಕರೆ ಸುಮಾರು 177. ಊಟ ಆದ ಮೇಲೆ ಒಂದಿಷ್ಟು ಸೋರಬಹುದು, ಆದರೆ ಎಂಟು ಕೆಜಿ ಕರಗಿಸುವಷ್ಟಲ್ಲ. ಜೊತೆಗೆ ಊಟ ಕಮ್ಮಿಯಾಗಿದೆ ಅಂತ ನೀವೇ ಬರೆದಿದ್ದೀರಿ. ಊಟ ಕಮ್ಮಿ ಮಾಡಿದವರ ಶುಗರ್ ಇಳಿಯಬೇಕಿತ್ತು ಅಲ್ವಾ? ಇವರದು ಏರಿದೆ. ನಿಮ್ಮ ಪ್ರಶ್ನೆಯಲ್ಲಿ ನನ್ನ ಗಮನ ನಿಂತದ್ದು ಇಲ್ಲೇ. ತಿನ್ನುವುದು ಕಮ್ಮಿ, ತೂಕ ಕಮ್ಮಿ, ಆದರೂ ಶುಗರ್ ಜಾಸ್ತಿ ಅಂದರೆ ಮೈಯೊಳಗೆ ಇನ್ನೇನೋ ನಡೆಯುತ್ತಿರಬಹುದು. ಒಳಗೆ ಸೋಂಕು ಇದ್ದರೆ ಶುಗರ್ ಏರುತ್ತದೆ. ಇನ್ಸುಲಿನ್ ತಯಾರಿಸುವ ಪ್ಯಾಂಕ್ರಿಯಾಸ್‌ಗೇ ತೊಂದರೆ ಆದರೂ ಏರುತ್ತದೆ.

ಇಲ್ಲಿ ನನ್ನ ಒಬ್ಬ ರೋಗಿಯ ವಿಷಯ ಹೇಳಬೇಕು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಕೊಬ್ಬರಿ ವ್ಯಾಪಾರಿ, 54 ವರ್ಷ, ಎಂಟು ವರ್ಷದ ಶುಗರ್. ನಾಲ್ಕು ತಿಂಗಳಲ್ಲಿ 68 ಕೆಜಿಯಿಂದ 59ಕ್ಕೆ ಇಳಿದಿದ್ದರು. ನಾನು ತೂಕದ ಯಂತ್ರಕ್ಕಿಂತ ಮೊದಲು ಅವರ ಬೆಲ್ಟ್ ಬಿಚ್ಚಿಸಿ ನೋಡಿದೆ. ಮೂರನೇ ತೂತಿನ ಹತ್ತಿರ ವರ್ಷಗಟ್ಟಲೆ ಕೊಂಡಿ ಬಿದ್ದು ಬಿದ್ದು ಚರ್ಮ ಸವೆದು ಗೆರೆ ಮೂಡಿತ್ತು. ಈಗ ಅವರು ಹಾಕಿಕೊಳ್ಳುತ್ತಿದ್ದದ್ದು ಕಂಪನಿ ಮಾಡಿದ ಯಾವ ತೂತೂ ಅಲ್ಲ, ಮನೆಯಲ್ಲಿ ಮೊಳೆ ಹೊಡೆದು ಮಾಡಿಕೊಂಡ ಎರಡು ಹೊಸ ತೂತುಗಳಲ್ಲಿ ಕೊನೆಯದು. ತೂಕದ ಯಂತ್ರ ಒಂದೊಂದು ಕಡೆ ಒಂದೊಂದು ತೋರಿಸಬಹುದು, ಬೆಲ್ಟ್ ಹಾಗಲ್ಲ. ನೀವೂ ಬೆಲ್ಟ್, ಪ್ಯಾಂಟು, ಬೆರಳಿನ ಉಂಗುರ ನೋಡಿ. ಹಳೇ ಚೀಟಿಗಳಲ್ಲಿ ಡಾಕ್ಟರು ಬರೆದ ತೂಕ ಹುಡುಕಿ. ತೂಕ ಇಳಿದಿದೆ ಅಂತ ಬರುವವರಲ್ಲಿ ಕೆಲವರಿಗೆ ನಿಜವಾಗಿ ಇಳಿದೇ ಇರುವುದಿಲ್ಲ. ಹಾಗಾಗಿ ಇದು ಮೊದಲ ಕೆಲಸ.

ಆ ವ್ಯಾಪಾರಿಯ ಸರಾಸರಿ ಶುಗರ್ 8.4 ಇತ್ತು. ನನ್ನ ಹತ್ತಿರ ಬರುವ ಮೊದಲು ಎರಡು ಸಲ ಶುಗರ್ ಮಾತ್ರೆ ಜಾಸ್ತಿ ಮಾಡಿದ್ದರು. ಮಧ್ಯೆ ಜ್ವರ ಬಂದಾಗ ಒಂದು ಕಡೆ ಎಕ್ಸ್‌ರೇ ತೆಗೆದು, ಬಲಗಡೆ ಕೆಳಭಾಗದಲ್ಲಿ ಕಲೆ ಕಂಡು, ನ್ಯುಮೋನಿಯಾ ಅಂತ ಏಳು ದಿನ ಲೀವೋಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಕೊಟ್ಟಿದ್ದರು. ಜ್ವರ ಇಳಿಯಿತು. ಎಲ್ಲರೂ ಸಮಾಧಾನಪಟ್ಟರು. ಮೂರು ವಾರಕ್ಕೆ ಮತ್ತೆ ಬಂತು.

ನಾನು ಕೆಮ್ಮು ಕೇಳಿದೆ. "ಅಂಥದ್ದೇನಿಲ್ಲ ಸಾರ್, ಬೀಡಿ ಕೆಮ್ಮು" ಅಂದರು. ಜ್ವರ ಕೇಳಿದೆ, ಈಗ ಇಲ್ಲ ಅಂದರು. ಆಗ ಅವರ ಹೆಂಡತಿ ಬಾಯಿ ಬಿಟ್ಟರು: "ರಾತ್ರಿ ಎರಡು ಸಲ ಬನಿಯನ್ ಬದಲಾಯಿಸ್ತಾರೆ ಸಾರ್. ಹಿಂಡಿದ್ರೆ ನೀರು ಬರೋ ಹಾಗೆ ನೆಂದಿರುತ್ತೆ." ಫ್ಯಾನ್ ಹಾಕಿಕೊಂಡು ಮಲಗುವ ಮನುಷ್ಯ. ಸಂಜೆ ಹೊತ್ತು ಮೈ ಬೆಚ್ಚಗಾಗುವುದು ಅವರಿಗೇ ತಿಳಿದಿರಲಿಲ್ಲ. ಒಂದು ವಾರ ದಿನಾ ಸಂಜೆ ಆರಕ್ಕೆ ಥರ್ಮಾಮೀಟರ್ ಇಡಿ ಅಂತ ಹೇಳಿ ಕಳಿಸಿದೆ. ನಾಲ್ಕು ದಿನ 100 ದಾಟಿತ್ತು.

ಅವರ ಹಿಮೋಗ್ಲೋಬಿನ್ 10.4. ಇಎಸ್‌ಆರ್ 92. ರಕ್ತದಲ್ಲಿನ ಆಲ್ಬುಮಿನ್ ಎಂಬ ಪ್ರೋಟೀನ್ 2.9ಕ್ಕೆ ಬಿದ್ದಿತ್ತು, ಮೂರೂವರೆಗಿಂತ ಮೇಲಿರಬೇಕು. ಈ ಮೂರೂ ಸೇರಿದರೆ ಎಷ್ಟೋ ದಿನದಿಂದ ಮೈಯಲ್ಲಿ ಉರಿಯೂತ ಇದೆ ಅಂತ ಅರ್ಥ. ಯಾವ ಕಾಯಿಲೆ ಅಂತ ಅವು ಹೇಳುವುದಿಲ್ಲ. ಕಫ ತೆಗೆಸಿ, ಟಿಬಿ ಕ್ರಿಮಿ ಪತ್ತೆ ಮಾಡುವ ಸಿಬಿನ್ಯಾಟ್ ಪರೀಕ್ಷೆಗೆ ಕಳಿಸಿದೆವು. ಟಿಬಿ ಬಂತು. ರಿಫಾಂಪಿಸಿನ್ ಎಂಬ ಮುಖ್ಯ ಔಷಧಿಗೆ ಬಗ್ಗುವ ಟಿಬಿ ಅಂತಲೂ ಅದೇ ಪರೀಕ್ಷೆ ಹೇಳಿತು.

ಇಷ್ಟು ತಡ ಯಾಕಾಯಿತು? ಸಾಮಾನ್ಯವಾಗಿ ಟಿಬಿ ಶ್ವಾಸಕೋಶದ ಮೇಲ್ಭಾಗದಲ್ಲಿ ಕೂರುತ್ತದೆ. ಶುಗರ್ ಇದ್ದವರಲ್ಲಿ ಕೆಳಭಾಗದಲ್ಲಿ ಕಾಣುವುದು ಹೆಚ್ಚು, ಆಗ ನೋಡಿದವರಿಗೆ ನ್ಯುಮೋನಿಯಾ ಅನಿಸುತ್ತದೆ. ಲೀವೋಫ್ಲಾಕ್ಸಾಸಿನ್ ಟಿಬಿ ಕ್ರಿಮಿಗೂ ಸ್ವಲ್ಪ ಪೆಟ್ಟು ಕೊಡುತ್ತದೆ. ಹಾಗಾಗಿ ಜ್ವರ ಕೆಲವು ದಿನ ಇಳಿದು ಕಾಯಿಲೆ ಮರೆಯಾಗುತ್ತದೆ, ವಾಸಿಯಾಗುವುದಿಲ್ಲ. ಇನ್ನು, ಶುಗರ್ ಇದ್ದವರಿಗೆ ಟಿಬಿ ಬರುವ ಸಾಧ್ಯತೆ ಇಲ್ಲದವರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಟಿಬಿ ಬಂದರೆ ಶುಗರ್ ಹತೋಟಿ ತಪ್ಪುತ್ತದೆ. ಶುಗರ್ ಹತೋಟಿ ತಪ್ಪಿದರೆ ಟಿಬಿ ಬಲಿಯುತ್ತದೆ. ಹೊರಗಿನವರ ಕಣ್ಣಿಗೆ ಕಾಣುವುದು ಶುಗರ್ ಮಾತ್ರ.

ಆರು ತಿಂಗಳು ದಿನಾ ಮಾತ್ರೆ ತೆಗೆದುಕೊಂಡರು. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು. ರಿಫಾಂಪಿಸಿನ್ ಕೆಲವು ಶುಗರ್ ಮಾತ್ರೆಗಳನ್ನು ಬೇಗ ಕರಗಿಸಿ ಹಾಕುತ್ತದೆ. ಅವರು ನುಂಗುತ್ತಿದ್ದ ಗ್ಲಿಮೆಪಿರೈಡ್ ಅಂಥದ್ದೇ ಒಂದು. ಅದಕ್ಕೆ ಆ ಅವಧಿಗೆ ಇನ್ಸುಲಿನ್ ಹಾಕಿದೆವು. ಎರಡು ತಿಂಗಳಿಗೆ 61.5, ಮುಗಿಯುವಾಗ 67 ಕೆಜಿ.

ನಿಮ್ಮ ಯಜಮಾನರಿಗೂ ಟಿಬಿಯೇ ಇದೆ ಅಂತ ನಾನು ಹೇಳುತ್ತಿಲ್ಲ. ನೋಡದೆ ಹಾಗೆ ಹೇಳುವುದು ತಪ್ಪು. ಆದರೆ ನಮ್ಮ ಕಡೆ ಶುಗರ್ ಇರುವ, 50 ದಾಟಿದ, ಕಾರಣವಿಲ್ಲದೆ ಸೊರಗುತ್ತಿರುವ ಗಂಡಸಿನಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ಕಾಯಿಲೆ ಹೆಚ್ಚು, ಪರೀಕ್ಷೆ ಸುಲಭ, ಔಷಧಿ ಇದೆ.

ಡಾಕ್ಟರ ಹತ್ತಿರ ಹೋಗುವ ಮೊದಲು ಮನೆಯಲ್ಲೇ ಎರಡು ವಿಷಯ ನೋಡಿಕೊಳ್ಳಿ. ಒಂದು, ಅವರು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇವು ಬೇಕಂತಲೇ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುವ ಮಾತ್ರೆಗಳು, ತೂಕ ಇಳಿಸುತ್ತವೆ. ಆದರೆ ಅವುಗಳಿಂದ ಸಾಮಾನ್ಯವಾಗಿ ಇಳಿಯುವುದು ಎರಡು ಮೂರು ಕೆಜಿ, ಆಮೇಲೆ ನಿಲ್ಲುತ್ತದೆ. ಮೆಟ್‌ಫಾರ್ಮಿನ್ ಕೆಲವರಿಗೆ ಹೊಟ್ಟೆ ಕೆಡಿಸಿ ಊಟ ಬೇಡ ಅನ್ನಿಸುತ್ತದೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲೂಟೈಡ್‌ನಂಥದ್ದಾದರೆ ಇನ್ನೂ ಹೆಚ್ಚು ಇಳಿಯುತ್ತದೆ. ಈ ಐದು ತಿಂಗಳಲ್ಲಿ ಯಾವುದಾದರೂ ಹೊಸದಾಗಿ ಶುರುವಾಗಿದೆಯಾ ನೋಡಿ. ನಾಟಿ ಪುಡಿ, ಕಷಾಯ ಇದ್ದರೂ ಮುಚ್ಚಿಡಬೇಡಿ. ಆದರೆ ಯಾವುದನ್ನೂ ನೀವಾಗೇ ನಿಲ್ಲಿಸಬೇಡಿ.

ಇನ್ನೊಂದು, ಊಟ ಹೇಗೆ ಕಮ್ಮಿಯಾಗಿದೆ ಅನ್ನುವುದು. ಶುಗರ್ ಹೆದರಿಕೆಗೆ ಅನ್ನ ಬಿಟ್ಟು ಒಂದೇ ಮುದ್ದೆಗೆ ಇಳಿದಿದ್ದರೆ ಅದು ಬೇರೆ ಕಥೆ, ಅದಕ್ಕೆ ಕಾರಣ ಗೊತ್ತಿದ್ದ ಹಾಗೆ ಆಯಿತು. ಹಸಿವೇ ಇಲ್ಲವಾ? ಹಸಿವಿದ್ದು, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ ಆಗುತ್ತದಾ? ನುಂಗುವಾಗ ಎದೆಯಲ್ಲಿ ಸಿಕ್ಕಿಕೊಳ್ಳುತ್ತದಾ? ಹಲ್ಲು ನೋವಿನಿಂದ ಅಗಿಯಲು ಆಗುತ್ತಿಲ್ಲವಾ? ಒಂದೊಂದು ಉತ್ತರ ಒಂದೊಂದು ದಾರಿ ತೋರಿಸುತ್ತದೆ. ನಾಲ್ಕು ತುತ್ತಿಗೇ ಸಾಕಾದರೆ ನಾನು ಹೊಟ್ಟೆಯ ಎಂಡೋಸ್ಕೋಪಿಯನ್ನು ಮುಂದೂಡುವುದಿಲ್ಲ. ಮನಸ್ಸಿನ ಕಡೆಯೂ ಒಂದು ಕಣ್ಣಿರಲಿ. ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಕೆಲಸ ಬಿಟ್ಟಿದ್ದಾರಾ, ಬೆಳಗಿನ ಜಾವ ಮೂರಕ್ಕೇ ಎಚ್ಚರ ಆಗುತ್ತದಾ ಅಂತ ಕೇಳಿ. ಖಿನ್ನತೆಯಿಂದಲೂ ಹತ್ತು ಕೆಜಿ ಇಳಿದವರನ್ನು ನೋಡಿದ್ದೇನೆ. ಗಂಡಸರು ಅದನ್ನು ಬಾಯಿಬಿಟ್ಟು ಹೇಳುವುದು ಕಮ್ಮಿ.

ಈಗ ಪರೀಕ್ಷೆಗಳ ವಿಷಯ. ಫುಲ್ ಬಾಡಿ ಚೆಕಪ್ ಪ್ಯಾಕೇಜು ಬೇಡ. ಅದರಲ್ಲಿ ವಿಟಮಿನ್, ಕೊಲೆಸ್ಟ್ರಾಲ್ ಅಂತ ಅರವತ್ತು ಎಪ್ಪತ್ತು ಸಂಖ್ಯೆ ಬರುತ್ತವೆ. ಆದರೆ ನಿಮಗೆ ಬೇಕಾದ ಎದೆಯ ಎಕ್ಸ್‌ರೇ ಎಷ್ಟೋ ಪ್ಯಾಕೇಜುಗಳಲ್ಲಿ ಇರುವುದೇ ಇಲ್ಲ. ಡಾಕ್ಟರು ಮೈ ಮುಟ್ಟಿ ನೋಡುವುದೂ ಎಷ್ಟೋ ಪ್ಯಾಕೇಜುಗಳಲ್ಲಿ ಇಲ್ಲ. ಕುತ್ತಿಗೆ, ಕಂಕುಳಲ್ಲಿ ಗಂಟು ಇದೆಯಾ, ಯಕೃತ್ತು ಕೈಗೆ ಸಿಗುತ್ತದಾ, ಕೈ ನಡುಗುತ್ತದಾ, ಇವು ಐದು ನಿಮಿಷದ ಕೆಲಸ. ಎಲೆ ಅಡಿಕೆ ತಂಬಾಕು, ಬೀಡಿ ಅಭ್ಯಾಸ ಇದ್ದರೆ ಟಾರ್ಚ್ ಹಾಕಿ ಬಾಯಿಯ ಒಳಗೆ, ನಾಲಿಗೆಯ ಕೆಳಗೆ ನೋಡಲೇಬೇಕು.

ಮೊದಲ ಸುತ್ತಿಗೆ ನಾನು ಬರೆಯುವುದು ಇಷ್ಟು. ರಕ್ತದ ಪೂರ್ತಿ ಎಣಿಕೆ ಮತ್ತು ಇಎಸ್‌ಆರ್. ಖಾಲಿ ಹೊಟ್ಟೆಯ ಮತ್ತು ಊಟದ ನಂತರದ ಶುಗರ್. ಸರಾಸರಿ ಶುಗರ್ 7.8 ಅಂತ ಗೊತ್ತಿದ್ದರೂ ಇದು ಬೇಕು, ಯಾಕೆಂದರೆ ರಕ್ತಹೀನತೆ ಇದ್ದರೆ ಆ ಸರಾಸರಿ ತಪ್ಪು ತೋರಿಸಬಹುದು. ಕಿಡ್ನಿಗೆ ಕ್ರಿಯಾಟಿನಿನ್, ಲಿವರ್ ಪರೀಕ್ಷೆ (ಆಲ್ಬುಮಿನ್ ಇದರಲ್ಲೇ ಬರುತ್ತದೆ), ಕ್ಯಾಲ್ಸಿಯಂ. ಥೈರಾಯ್ಡ್‌ಗೆ ಟಿಎಸ್‌ಎಚ್. ಮೂತ್ರ. ಎಚ್‌ಐವಿ ಪರೀಕ್ಷೆಯನ್ನೂ ಬರೆಯುತ್ತೇನೆ, ಎಲ್ಲರಿಗೂ ಬರೆಯುತ್ತೇನೆ, ಅದರಲ್ಲಿ ಯಾರ ಮೇಲೂ ಅನುಮಾನ ಇಲ್ಲ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಇದೆಯಾ ಅಂತ ನೋಡುವ ಪರೀಕ್ಷೆ. ಎದೆಯ ಎಕ್ಸ್‌ರೇ. ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್. ಇವೆಲ್ಲ ತಾಲ್ಲೂಕು ಊರಿನಲ್ಲೂ ಒಂದೆರಡು ದಿನದಲ್ಲಿ ಮುಗಿಯುತ್ತವೆ.

ಥೈರಾಯ್ಡ್ ಹೆಚ್ಚಾದವರು ಚೆನ್ನಾಗಿ ತಿಂದೂ ಸೊರಗುತ್ತಾರೆ, ಎದೆ ಹೊಡೆದುಕೊಳ್ಳುತ್ತದೆ, ಬೆವರುತ್ತಾರೆ ಅಂತ ನಾವು ಓದಿರುತ್ತೇವೆ. ವಯಸ್ಸಾದ ಹಾಗೆ ಈ ಚಿತ್ರ ಮಸುಕಾಗುತ್ತದೆ, ಹಸಿವು ಕಮ್ಮಿಯಾಗುವುದೂ ಉಂಟು. ಅದಕ್ಕೇ ಲಕ್ಷಣ ಇಲ್ಲದಿದ್ದರೂ ಟಿಎಸ್‌ಎಚ್ ಬಿಡಬಾರದು.

ಕಫದ ಪರೀಕ್ಷೆಯ ಬಗ್ಗೆ ಒಂದು ಮಾತು. ಕೆಮ್ಮು ಅಪರೂಪ ಅಂದಿದ್ದೀರಿ. ಎಕ್ಸ್‌ರೇಯಲ್ಲಿ ಏನಾದರೂ ಕಂಡರೆ ಅಥವಾ ಸಂಜೆ ಜ್ವರ ಇದ್ದರೆ ಕಫ ಕೊಡಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆ ಉಚಿತ. ಎಷ್ಟೋ ಜನ ಡಬ್ಬಿಗೆ ಎಂಜಲು ಉಗುಳಿ ಕೊಟ್ಟು ಬರುತ್ತಾರೆ, ವರದಿ "ಇಲ್ಲ" ಅಂತ ಬರುತ್ತದೆ, ಎಲ್ಲರೂ ನಂಬುತ್ತಾರೆ. ಬೆಳಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಉಸಿರು ಆಳವಾಗಿ ಎಳೆದು, ಎದೆಯಾಳದಿಂದ ಕೆಮ್ಮಿ ತೆಗೆದ ಗಟ್ಟಿ ಕಫ ಬೇಕು. ಮನೆಯ ಒಳಗೆ ಬೇಡ, ಹೊರಗೆ ಗಾಳಿ ಆಡುವ ಕಡೆ. ಎಕ್ಸ್‌ರೇ ಸರಿಯಿದ್ದರೆ ಶ್ವಾಸಕೋಶದ ಟಿಬಿಯ ಚಿಂತೆ ಬಹಳ ಕಮ್ಮಿಯಾಗುತ್ತದೆ. ಆದರೆ ಟಿಬಿ ಕುತ್ತಿಗೆಯ ಗಂಟಿನಲ್ಲಿ, ಕರುಳಿನಲ್ಲಿ ಕೂಡ ಕೂರುತ್ತದೆ. ಮೈ ಮುಟ್ಟಿ ನೋಡುವುದೂ ಹೊಟ್ಟೆಯ ಸ್ಕ್ಯಾನಿಂಗೂ ಅದಕ್ಕಾಗಿಯೂ ಬೇಕು.

ಇನ್ನು ನಿಮ್ಮ ಭಯ. ಅದನ್ನು ಬದಿಗೆ ಸರಿಸಿ ಮಾತಾಡುವುದಿಲ್ಲ. ಕಾರಣ ತಿಳಿಯದೆ ತೂಕ ಇಳಿದು ಆಸ್ಪತ್ರೆಗೆ ಬರುವವರನ್ನು ಬೇರೆ ಬೇರೆ ದೇಶಗಳಲ್ಲಿ ನೋಡಿದ್ದಾರೆ. ಸರಿಸುಮಾರು ಐದು ಜನರಲ್ಲಿ ಒಬ್ಬರಿಂದ ಮೂವರಲ್ಲಿ ಒಬ್ಬರವರೆಗೆ ಕ್ಯಾನ್ಸರ್ ಸಿಕ್ಕಿದೆ. ಅಂದರೆ ಹೆಚ್ಚಿನವರಿಗೆ ಅದಲ್ಲ. ಆದರೆ ಹುಡುಕದೆ ಇರುವಷ್ಟು ಅಪರೂಪವೂ ಅಲ್ಲ. ಶ್ವಾಸಕೋಶ, ಜಠರ, ಅನ್ನನಾಳ, ಕರುಳು, ಪ್ಯಾಂಕ್ರಿಯಾಸ್, ರಕ್ತ ಮತ್ತು ಗಂಟುಗಳ ಕ್ಯಾನ್ಸರ್ ಇವು ತೂಕ ಇಳಿಸುವಂಥವು. ಮೊದಲ ಸುತ್ತಿನ ಪರೀಕ್ಷೆಗಳಲ್ಲಿ ಹಿಮೋಗ್ಲೋಬಿನ್ ಕಮ್ಮಿ, ಇಎಸ್‌ಆರ್ ಜಾಸ್ತಿ, ಆಲ್ಬುಮಿನ್ ಕಮ್ಮಿ, ಲಿವರ್ ಪರೀಕ್ಷೆ ಏರುಪೇರು ಹೀಗೆ ಏನಾದರೂ ಒಂದು ಸುಳಿವು ಸಾಮಾನ್ಯವಾಗಿ ಸಿಗುತ್ತದೆ. ಆ ಸುಳಿವು ಹಿಡಿದು ಮುಂದಿನದ್ದು. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಹೊಟ್ಟೆಗೂ ದೊಡ್ಡ ಕರುಳಿಗೂ ಎಂಡೋಸ್ಕೋಪಿ. ಎಕ್ಸ್‌ರೇಯಲ್ಲಿ ಗಡ್ಡೆಯಂತೆ ಕಂಡರೆ ಎದೆಯ ಸಿಟಿ.

ಪ್ಯಾಂಕ್ರಿಯಾಸ್ ಬಗ್ಗೆ ಬಿಡಿಸಿ ಹೇಳಬೇಕು, ನಿಮ್ಮ ಪ್ರಶ್ನೆಗೆ ಅದು ನೇರ ಸಂಬಂಧ. 50 ದಾಟಿದವರಿಗೆ ಹೊಸದಾಗಿ ಶುಗರ್ ಶುರುವಾದರೆ, ನೂರರಲ್ಲಿ ಸುಮಾರು ಒಬ್ಬರಿಗೆ ಮುಂದಿನ ಮೂರು ವರ್ಷದೊಳಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಪತ್ತೆಯಾಗುತ್ತದೆ. ಅಲ್ಲಿ ಶುಗರ್ ಬಂದದ್ದೇ ಆ ಗಡ್ಡೆಯಿಂದ. ಶುಗರ್ ಜೊತೆಗೆ ತೂಕವೂ ಇಳಿಯುತ್ತಿದ್ದರೆ ಅನುಮಾನ ಹೆಚ್ಚುತ್ತದೆ. ನಿಮ್ಮವರದು ಆರು ವರ್ಷದ ಶುಗರ್, ಹಾಗಾಗಿ ಆ ಗುಂಪಿಗೆ ಸೇರುವುದಿಲ್ಲ. ಆದರೂ ಸುಮ್ಮನಿದ್ದ ಶುಗರ್ ತೂಕ ಇಳಿಯುತ್ತಿರುವಾಗಲೇ ಏರಿದರೆ ನಾನು ಪ್ಯಾಂಕ್ರಿಯಾಸನ್ನು ಮರೆಯುವುದಿಲ್ಲ. ಈ ಗ್ರಂಥಿ ಜಠರದ ಹಿಂದೆ, ಬೆನ್ನಿಗೆ ಅಂಟಿಕೊಂಡು ಇರುತ್ತದೆ. ಮುಂದಿರುವ ಗಾಳಿಯಿಂದಾಗಿ ಅಲ್ಟ್ರಾಸೌಂಡ್‌ನಲ್ಲಿ ಎಷ್ಟೋ ಸಲ ಪೂರ್ತಿ ಕಾಣುವುದಿಲ್ಲ. ವರದಿಯಲ್ಲಿ "ಪ್ಯಾಂಕ್ರಿಯಾಸ್ ಗಾಳಿಯಿಂದ ಮರೆಯಾಗಿದೆ" ಅನ್ನುವ ಅರ್ಥದ ಒಂದು ಸಾಲು ಇರುತ್ತದೆ. ಉಳಿದದ್ದೆಲ್ಲ ಸರಿ ಇದೆ ಅಂತ ಓದಿ ಆ ಸಾಲನ್ನು ದಾಟಿಬಿಡುತ್ತಾರೆ. ನೀವು ಆ ಸಾಲು ಹುಡುಕಿ, ಡಾಕ್ಟರಿಗೆ ಬೆರಳಿಟ್ಟು ತೋರಿಸಿ. ಟಿಬಿ, ಥೈರಾಯ್ಡ್ ಎಲ್ಲ ಇಲ್ಲ ಅಂತಾಗಿ ತೂಕ ಇನ್ನೂ ಇಳಿಯುತ್ತಿದ್ದರೆ ಕಾಂಟ್ರಾಸ್ಟ್ ಹಾಕಿ ಹೊಟ್ಟೆಯ ಸಿಟಿ ಮಾಡಿಸುವುದು ಸರಿ. ಅದಕ್ಕೆ ಮೊದಲು ಕ್ರಿಯಾಟಿನಿನ್ ನೋಡಿರಬೇಕು, ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ ವಿಷಯ ಸ್ಕ್ಯಾನಿಂಗ್‌ನವರಿಗೆ ಹೇಳಬೇಕು.

ಕ್ಯಾನ್ಸರ್ ಮಾರ್ಕರ್ ಅಂತ ರಕ್ತ ಪರೀಕ್ಷೆಗಳಿವೆ. ಸುಳಿವು ಇಲ್ಲದೆ ಅವನ್ನು ಮಾಡಿಸಬೇಡಿ. ಪಿತ್ತಕೋಶದ ಕಲ್ಲು, ಕಾಮಾಲೆ ಇದ್ದರೂ ಕೆಲವು ಏರುತ್ತವೆ. ಕ್ಯಾನ್ಸರ್ ಇದ್ದೂ ಏರದೆ ಇರುವುದೂ ಉಂಟು. ಏರಿದರೆ ಸುಮ್ಮನೆ ನಿದ್ದೆ ಕೆಡುತ್ತದೆ, ಏರದಿದ್ದರೆ ಸುಳ್ಳು ಧೈರ್ಯ ಬರುತ್ತದೆ. ಪೆಟ್ ಸ್ಕ್ಯಾನ್ ಕೂಡ ಮೊದಲ ಸುತ್ತಿನದಲ್ಲ.

ಎಲ್ಲ ಪರೀಕ್ಷೆಯೂ ಸರಿ ಬಂದರೆ? ನಾಲ್ಕರಲ್ಲಿ ಒಬ್ಬರಿಗೆ ಹೀಗಾಗುತ್ತದೆ, ಕಾರಣವೇ ಸಿಗುವುದಿಲ್ಲ. ಮೈ ಪರೀಕ್ಷೆ, ರಕ್ತ, ಎಕ್ಸ್‌ರೇ, ಸ್ಕ್ಯಾನಿಂಗ್ ಎಲ್ಲವೂ ಪೂರ್ತಿ ಸರಿಯಿದ್ದವರಲ್ಲಿ ಆಮೇಲೆ ದೊಡ್ಡ ಕಾಯಿಲೆ ಹೊರಬರುವುದು ಕಮ್ಮಿ. ಹಾಗಂತ ಫೈಲು ಮುಚ್ಚಿ ಬೀರುವಿಗೆ ಹಾಕಬಾರದು. ಒಂದೇ ಯಂತ್ರದಲ್ಲಿ, ಬೆಳಗ್ಗೆ ಶೌಚ ಮುಗಿಸಿ, ತಿಂಡಿಗೆ ಮೊದಲು, ಹದಿನೈದು ದಿನಕ್ಕೊಮ್ಮೆ ತೂಕ ನೋಡಿ ಕ್ಯಾಲೆಂಡರ್ ಮೇಲೆ ಬರೆಯಿರಿ. ಮೂರು ತಿಂಗಳಿಗೆ ಒಮ್ಮೆ, ಆರು ತಿಂಗಳಿಗೆ ಮತ್ತೊಮ್ಮೆ ಅದೇ ಡಾಕ್ಟರಿಗೆ ತೋರಿಸಿ. ಮೂರು ತಿಂಗಳ ಹಿಂದೆ ಕಾಣದ್ದು ಆಗ ಕಾಣಬಹುದು. ಡಾಕ್ಟರು ಬದಲಾಯಿಸುತ್ತಾ ಹೋದರೆ ಎಲ್ಲರೂ ಮೊದಲಿನಿಂದ ಶುರು ಮಾಡುತ್ತಾರೆ, ಯಾರಿಗೂ ಎರಡನೇ ಸಲ ನೋಡುವ ಅವಕಾಶ ಸಿಗುವುದಿಲ್ಲ.

ಕೆಲವು ಲಕ್ಷಣ ಕಂಡರೆ ಇಷ್ಟೆಲ್ಲ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಕಣ್ಣು ಹಳದಿಯಾಗುವುದು, ಕಫದಲ್ಲಿ ರಕ್ತ, ಮಲ ಡಾಂಬರಿನಂತೆ ಕಪ್ಪಗಾಗುವುದು, ನೀರು ಕೂಡ ನುಂಗಲು ಆಗದಿರುವುದು. ಶುಗರ್ ಇದ್ದವರಿಗೆ ವಾಂತಿ, ಹೊಟ್ಟೆನೋವು, ಏದುಸಿರು ಮೂರೂ ಸೇರಿ ಬಂದರೆ ರಕ್ತದಲ್ಲಿ ಕೀಟೋನ್ ಏರಿರಬಹುದು. ಡಾಪಾಗ್ಲಿಫ್ಲೋಜಿನ್ ತರಹದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಶುಗರ್ ಅಷ್ಟೇನೂ ಏರದೆಯೂ ಇದು ಆಗುತ್ತದೆ. ಅದಕ್ಕೆ ಗ್ಲೂಕೋಮೀಟರ್ ಮಾತ್ರ ನೋಡಿ ಸುಮ್ಮನಾಗಬೇಡಿ.

ಇವತ್ತಿನಿಂದಲೇ ಸಂಜೆ ಆರಕ್ಕೆ ಥರ್ಮಾಮೀಟರ್ ಇಡಲು ಶುರು ಮಾಡಿ. ಡಾಕ್ಟರ ಹತ್ತಿರ ಹೋಗುವಾಗ ಆ ಚೀಟಿ, ಹಳೇ ತೂಕದ ಚೀಟಿಗಳು, ಮಾತ್ರೆಗಳ ಪಟ್ಟಿ, ಮೊದಲೆಂದಾದರೂ ತೆಗೆಸಿದ ಎಕ್ಸ್‌ರೇ ಇದ್ದರೆ ಅದು, ಇಷ್ಟನ್ನು ಒಂದೇ ಚೀಲದಲ್ಲಿ ಹಾಕಿಕೊಳ್ಳಿ. ನೀವೂ ಒಳಗೆ ಹೋಗಿ ಅವರ ಪಕ್ಕದಲ್ಲೇ ಕೂತುಕೊಳ್ಳಿ. "ಏನಿಲ್ಲ ಸಾರ್, ಚೆನ್ನಾಗಿದೀನಿ" ಅಂತ ಅವರು ಅಂದಾಗ ರಾತ್ರಿ ಬೆವರಿದ್ದನ್ನೂ ತಟ್ಟೆಯಲ್ಲಿ ಉಳಿಸಿದ್ದನ್ನೂ ಹೇಳಬೇಕಾದವರು ನೀವೇ.